ಹದಿನೇಳನೇ ಸಾಲು

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಚುನಾವಣಾ ಕಚೇರಿಯಲ್ಲಿ ಮೇಲಿನವರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವಳು ತಾಳೆಯಕ್ಕ. ಅಂಕಿಗೆ ಅಂಕಿ ತಾಳೆ ನೋಡುವುದೇ ಅವಳ ಕೆಲಸ. ಇಪ್ಪತ್ಮೂರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಹೊಸದಾಗಿ ಬಂದ ಗುಮಾಸ್ತನೊಬ್ಬ ತಾಳೆ ಅಂದರೆ ತಾಳೆಮರ ಅಂದುಕೊಂಡು, "ನಿಮ್ಮದು ತೋಟ ಇದೆಯಾ ಅಕ್ಕಾ?" ಅಂತ ಕೇಳಿ ನಗೆಪಾಟಲಾಗಿದ್ದ. ಅಕ್ಕನೂ ನಕ್ಕು, "ಇದೆಯಪ್ಪಾ, ಇಪ್ಪತ್ನಾಲ್ಕು ಸಾಲಿನ ತೋಟ. ಐದು ವರ್ಷಕ್ಕೊಂದು ಫಸಲು," ಅಂದಿದ್ದಳು.

ಇಪ್ಪತ್ನಾಲ್ಕು ಸಾಲು ಅಂದರೆ ಇಪ್ಪತ್ನಾಲ್ಕು ಕ್ಷೇತ್ರ. ಚುನಾವಣೆ ಮುಗಿದು ಎಣಿಕೆ ಆದಮೇಲೆ ಕಚೇರಿಯಿಂದ ಒಂದು ಫಲಿತಾಂಶದ ಪುಸ್ತಕ ಬರುತ್ತದೆ. ಅದರಲ್ಲಿ ಒಂದು ದೊಡ್ಡ ಕೋಷ್ಟಕ. ಪ್ರತಿ ಕ್ಷೇತ್ರಕ್ಕೆ ಒಂದು ಸಾಲು: ಯಾರಿಗೆ ಎಷ್ಟು ಮತ, ಒಟ್ಟಿನಲ್ಲಿ ಅದು ಶೇಕಡಾ ಎಷ್ಟು, ಗೆದ್ದವರು ಎಷ್ಟು ಅಂತರದಿಂದ ಗೆದ್ದರು, ಹಿಂದಿನ ಚುನಾವಣೆಗೆ ಹೋಲಿಸಿದರೆ ಮತ ಯಾವ ಕಡೆಗೆ ಎಷ್ಟು ವಾಲಿತು. ಈ ಕೊನೆಯದಕ್ಕೆ ಕಚೇರಿಯಲ್ಲಿ ಸ್ವಿಂಗ್ ಅನ್ನುತ್ತಿದ್ದರು. ಒಂದು ಪಕ್ಷದ ಶೇಕಡಾವಾರು ಎಷ್ಟು ಏರಿತು, ಎದುರಾಳಿಯದು ಎಷ್ಟು ಇಳಿಯಿತು, ಎರಡನ್ನೂ ಕೂಡಿ ಅರ್ಧ ಮಾಡಿದರೆ ಸ್ವಿಂಗ್. ಎಲ್ಲ ಅಂಕಿಗಳೂ ಕೊನೆಗೆ ಎಣಿಕೆಯ ಮತಕ್ಕೇ ಬಂದು ನಿಲ್ಲಬೇಕು. ನಿಲ್ಲುತ್ತವೆಯೇ ಇಲ್ಲವೇ ಅಂತ ನೋಡುವವಳು ಅಕ್ಕ.

ಅವಳ ಕಣ್ಣಿಗೆ ಅಂಕಿಗಳು ಮನುಷ್ಯರ ಹಾಗೆ ಕಾಣುತ್ತಿದ್ದವು. ಒಂದು ಸಾಲಿನ ಶೇಕಡಾವಾರುಗಳನ್ನು ಕೂಡಿದಾಗ 100.01 ಬಂದರೆ ಹೊಸಬರು ಗಾಬರಿಯಾಗುತ್ತಿದ್ದರು. ಅಕ್ಕ, "ಅದು ದುಂಡು ಮಾಡಿದ್ದಕ್ಕೆ ಬಂದ ಚೂರು, ಬಿಡು," ಅನ್ನುತ್ತಿದ್ದಳು. ಎರಡು ಮೊತ್ತದ ನಡುವಿನ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಮಾತ್ರ ಕನ್ನಡಕ ಏರಿಸಿ ಕೂರುತ್ತಿದ್ದಳು. ಬರೆಯುವಾಗ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಲೆಕ್ಕದಲ್ಲೇ ಬರುತ್ತದೆ ಅನ್ನುವುದು ಅವಳಿಗೆ ಮೊದಲ ವರ್ಷವೇ ಕರಗತವಾಗಿತ್ತು. ನಾಲ್ಕು ಪುಸ್ತಕಗಳ ಕೊನೆಯ ಪುಟದಲ್ಲಿ 'ತಾಳೆ ನೋಡಿದವರು' ಅನ್ನುವ ಸಾಲಿನ ಮುಂದೆ ಅವಳ ಸಹಿ ಇತ್ತು. ಇದು ಐದನೆಯದು, ಕೊನೆಯದು. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ.

ಈ ಸಲದ ತಾತ್ಕಾಲಿಕ ಕೋಷ್ಟಕ ಗುರುವಾರ ಸಂಜೆ ಕಚೇರಿಯ ಜಾಲತಾಣಕ್ಕೆ ಹೋಯಿತು. ಈ ಚುನಾವಣೆಯ ಅಂಕಿಗಳನ್ನೆಲ್ಲ ಅಕ್ಕ ಒಂದೊಂದಾಗಿ ನೋಡಿದ್ದಳು. ಹಿಂದಿನ ಚುನಾವಣೆಯವನ್ನು ಮಾತ್ರ ನೋಡಿರಲಿಲ್ಲ. ಅವು ಹಳೇ ಪುಸ್ತಕದಿಂದ ಬಂದವು, ಅಚ್ಚಾದವು, ತಾನೇ ಸಹಿ ಹಾಕಿದವು. ಮತ್ತೆ ಯಾಕೆ ನೋಡುವುದು?

ಶನಿವಾರ ಹನ್ನೊಂದು ಗಂಟೆಗೆ ಬುಟ್ಟಿ ಪಕ್ಷದವರು ಪತ್ರಿಕಾಗೋಷ್ಠಿ ಕರೆದರು. ಹದಿನೇಳನೇ ಕ್ಷೇತ್ರದಲ್ಲಿ ಅವರ ಅಭ್ಯರ್ಥಿ ಏಣಿ ಪಕ್ಷದವರ ಎದುರು 418 ಮತಗಳಿಂದ ಸೋತಿದ್ದರು. ಬುಟ್ಟಿಯ ವಕ್ತಾರ ಚುನಾವಣಾ ಕಚೇರಿಯದೇ ಕೋಷ್ಟಕವನ್ನು ಎತ್ತಿ ಹಿಡಿದು ಹೇಳಿದ, "ಇಪ್ಪತ್ಮೂರು ಕ್ಷೇತ್ರದಲ್ಲಿ ಏಣಿ ಕಡೆಗೆ ಸ್ವಿಂಗ್ ಎಷ್ಟು? ಒಂದು, ಒಂದೂವರೆ, ಹೆಚ್ಚೆಂದ್ರೆ ಎರಡು. ಹದಿನೇಳರಲ್ಲಿ ಮಾತ್ರ ನಾಲ್ಕೂವರೆ! ಮೂರು ಪಾಯಿಂಟ್ ಜಾಸ್ತಿ ಅಂದ್ರೆ ಎರಡು ಸಾವಿರ ಮತ. ಗೆದ್ದಿರೋದು ನಾನೂರ ಹದಿನೆಂಟರಲ್ಲಿ. ಆ ಮತ ಎಲ್ಲಿಂದ ಬಂತು ಅಂತ ಎಣಿಕೆ ಮಾಡಿಸಿದವರನ್ನ ಕೇಳಿ!"

ಎಣಿಕೆ ಮಾಡಿಸಿದ್ದು ಹದಿನೇಳರ ಚುನಾವಣಾಧಿಕಾರಿ, ಮೂವತ್ತೈದರ ಒಬ್ಬ ಹೆಂಗಸು. ಮಾತು ಕಡಿಮೆ. ಭಾನುವಾರ ಅವರ ಮನೆಯ ಮುಂದೆ ಜನ ಸೇರಿದರು. ಯಾರೋ ಕಲ್ಲು ತೂರಿದರು. ಮುಂದಿನ ಕೋಣೆಯ ಕಿಟಕಿ ಗಾಜು ಪುಡಿಯಾಯಿತು.

ಸೋಮವಾರ ಬೆಳಿಗ್ಗೆ ಅಕ್ಕ ಮೆಟ್ಟಿಲು ಹತ್ತಿ ಬಂದಾಗ ಆ ಅಧಿಕಾರಿ ಉದ್ದನೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಕಡತ. ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಅಕ್ಕ ಹತ್ತಿರ ಹೋಗಿ, "ಕಾಫಿ ಏನಾದ್ರೂ ತರಿಸ್ಲಾ ಮೇಡಂ?" ಅಂದಳು. ಅವರು ಬೇಡ ಅಂತ ತಲೆಯಾಡಿಸಿದರು.

ಒಳಗೆ ವಿಭಾಗದ ಮುಖ್ಯಸ್ಥರು ಕುರ್ಚಿಯ ಮೇಲೆ ಕೂರಲಾರದೆ ಓಡಾಡುತ್ತಿದ್ದರು. ಅವರಿಗೆ ಗಾಬರಿಯಾದಾಗ ಪೆನ್ನಿನ ಮುಚ್ಚಳ ಹಾಕುವುದು, ತೆಗೆಯುವುದು.

"ಅಕ್ಕಾ, ಬಾಗಿಲು ಹಾಕಿ ಬನ್ನಿ. ಮಧ್ಯಾಹ್ನ ಮೂರು ಗಂಟೆಗೆ ಮೇಲಿನಿಂದ ಆದೇಶ ಬರತ್ತೆ. ಆಯಮ್ಮನ್ನ ಅಮಾನತು ಮಾಡ್ತಾರೆ. ಆಮೇಲೆ ತನಿಖೆ. ಅಷ್ಟರೊಳಗೆ ನಮ್ಮ ಕೋಷ್ಟಕ ಸರಿ ಇದೆ ಅಂತ ನೀವು ಬರೆದು ಕೊಡಬೇಕು."

"ಸರಿ ಇದ್ರೆ ಬರೆದು ಕೊಡ್ತೀನಿ ಸರ್."

"ಸರಿ ಇಲ್ದೆ ಏನು? ನೀವೇ ನೋಡಿದ್ದಲ್ವಾ?"

ಅಕ್ಕ ತನ್ನ ಮೇಜಿಗೆ ಬಂದು ಕೂತಳು. ಪಕ್ಕದ ಮೇಜಿನಲ್ಲಿ ಕಂಪ್ಯೂಟರಿನ ಮುಂದೆ ಕೀಲಿಮಣೆ. ಅದು ಅವನ ಅಡ್ಡಹೆಸರು. ನಲವತ್ತೈದು ವಯಸ್ಸಿನ, ಮದುವೆಗೆ ಬಂದ ಮಗಳಿರುವ ಗೃಹಸ್ಥ. ಹನ್ನೆರಡು ವರ್ಷದಿಂದ ಗುತ್ತಿಗೆಯ ಮೇಲೆ ಅಂಕಿ ತುಂಬುತ್ತಿದ್ದ. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಅಂತ ಪ್ರತಿ ವರ್ಷವೂ ಅವನಿಗೆ ಅದೇ ಚಿಂತೆ.

"ಹದಿನೇಳರ ಸುತ್ತಿನ ಹಾಳೆಗಳನ್ನೆಲ್ಲ ತೆಗಿ," ಅಂದಳು ಅಕ್ಕ.

ಹದಿನಾಲ್ಕು ಸುತ್ತು. ಒಂದೊಂದು ಸುತ್ತಿನ ಹಾಳೆಗೂ ಎಣಿಕೆ ಮೇಲ್ವಿಚಾರಕರ ಸಹಿ, ಎರಡೂ ಪಕ್ಷದ ಏಜೆಂಟರ ಸಹಿ. ಅವಳು ಓದಿದಳು, ಅವನು ಕೂಡಿದ. ಆಮೇಲೆ ಅವನು ಓದಿದ, ಅವಳು ಪೆನ್ಸಿಲಿನಿಂದ ಕೂಡಿದಳು. ಏಣಿಗೆ 31,486. ಬುಟ್ಟಿಗೆ 31,068. ಉಳಿದವರಿಗೆಲ್ಲ ಸೇರಿ 6,214. ಒಟ್ಟು ಸಿಂಧುವಾದ ಮತ 68,768. ಅದಕ್ಕೆ ತಿರಸ್ಕೃತ 412 ಸೇರಿಸಿದರೆ 69,180, ಚಲಾವಣೆಯಾದ ಮತಗಳಿಗೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಂತರ 418. ಶೇಕಡಾವಾರು 45.79, 45.18, 9.04. ಎಲ್ಲ ಕರಾರುವಾಕ್ಕು.

ಗಂಟೆ ಹನ್ನೆರಡಾಗಿತ್ತು. ಕೀಲಿಮಣೆ ಉಸಿರುಬಿಟ್ಟು, "ನಮ್ಮದೇನೂ ತಪ್ಪಿಲ್ಲ ಬಿಡಿ ಅಕ್ಕಾ," ಅಂದ.

ಅಕ್ಕನಿಗೆ ಸಮಾಧಾನವಾಗಲಿಲ್ಲ. ತಪ್ಪು ಸಿಕ್ಕದೇ ಹೋದಾಗ ಅವಳ ಎದೆ ಇನ್ನೂ ಹೆಚ್ಚು ಹೊಡೆದುಕೊಳ್ಳುತ್ತಿತ್ತು. ಎಣಿಕೆ ಸರಿ ಇದ್ದರೆ ಆ ನಾಲ್ಕೂವರೆ ಎಲ್ಲಿಂದ ಬಂತು? ಆಚೆ ಬದಿಯ ಹದಿನಾರರಲ್ಲಿ 1.47, ಈಚೆ ಬದಿಯ ಹದಿನೆಂಟರಲ್ಲಿ 1.62. ಅದೇ ಜನ, ಅದೇ ಬೀದಿಗಳು. ನಡುವೆ ಒಂದು ರಸ್ತೆ ಅಷ್ಟೇ. ನಿಜವಾಗಿಯೂ ಆ ಎಣಿಕೆ ಕೋಣೆಯಲ್ಲಿ ಏನೋ ಆಗಿದ್ದರೆ? ಹೊರಗೆ ಬೆಂಚಿನ ಮೇಲೆ ಕೂತಿರುವ ಹೆಂಗಸಿನ ಮುಖ ಒಂದು ಕ್ಷಣ ಅವಳಿಗೇ ಬೇರೆಯಾಗಿ ಕಂಡಿತು. ಹಾಗೆ ಕಂಡದ್ದಕ್ಕೆ ನಾಚಿಕೆಯೂ ಆಯಿತು.

ಊಟದ ಡಬ್ಬಿ ತೆರೆದಳು, ಮುಚ್ಚಿದಳು.

"ಸ್ವಿಂಗಿಗೆ ಎರಡು ಕಾಲು ಕಣೋ," ಅಂದಳು ಇದ್ದಕ್ಕಿದ್ದಂತೆ. "ಒಂದು ಈಗಿನದು, ಇನ್ನೊಂದು ಹಿಂದಿನದು. ಬೆಳಿಗ್ಗೆಯಿಂದ ಎಲ್ಲರೂ ಒಂದೇ ಕಾಲನ್ನ ಹಿಡ್ಕೊಂಡು ಎಳೀತಾ ಇದೀವಿ. ಹಿಂದಿನ ಅಂಕಿ ತೋರಿಸು."

ಅವನು ತೋರಿಸಿದ. ಐದು ವರ್ಷದ ಹಿಂದೆ ಹದಿನೇಳರಲ್ಲಿ ಏಣಿಗೆ 25,982. ಬುಟ್ಟಿಗೆ 31,207. ಉಳಿದವರಿಗೆ 5,011. ಒಟ್ಟು 62,200. ಶೇಕಡಾವಾರು 41.77, 50.17, 8.06. ಕೂಡಿದರೆ ಸರಿಯಾಗಿ ನೂರು.

"ನೋಡಿ, ಇದೂ ನೂರಕ್ಕೆ ನೂರು," ಅಂದ ಕೀಲಿಮಣೆ.

"ಯಂತ್ರ ತಾನೇ ಕೂಡ್ಕೊಂಡು ತಾನೇ ಭಾಗಿಸಿದ್ರೆ ನೂರು ಬರದೆ ಎಲ್ಲಿಗೆ ಹೋಗತ್ತೆ? ಈ 62,200 ನೀನು ಹಾಕಿದ್ದಾ, ಅದೇ ಕೂಡಿದ್ದಾ?"

"ಅದೇ ಕೂಡಿದ್ದು ಅಕ್ಕಾ. ನಾನು ಹಾಕಿದ್ದು ಅಭ್ಯರ್ಥಿಗಳ ಮತ ಮಾತ್ರ. ಹಳೇ ಪುಸ್ತಕ ನೋಡಿ ಹಾಕಿದ್ದು."

ಹಳೇ ಪುಸ್ತಕ ಅವಳ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ನೀಲಿ ರಟ್ಟು. ಅವಳು ಪುಟ ತಿರುಗಿಸಿ ಹದಿನೇಳನೇ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟಳು. ಕೀಲಿಮಣೆ ತಪ್ಪಾಗಿ ತುಂಬಿರಲಿಲ್ಲ. ಪುಸ್ತಕದಲ್ಲಿ ಇದ್ದದ್ದೇ 25,982. ಬುಟ್ಟಿಗೆ 31,207, ಉಳಿದವರಿಗೆ 5,011, ಎಲ್ಲ ಅದೇ. ಆದರೆ ಅದೇ ಸಾಲಿನಲ್ಲಿ ಇನ್ನೂ ಮೂರು ಅಂಕಿಗಳಿದ್ದವು. ಅವನ್ನು ಯಾರೂ ಹೊಸ ಕೋಷ್ಟಕಕ್ಕೆ ತಂದಿರಲಿಲ್ಲ. ಒಟ್ಟು ಸಿಂಧು ಮತ 65,800. ಏಣಿಯ ಶೇಕಡಾವಾರು 44.96. ಗೆಲುವಿನ ಅಂತರ 1,625.

ಅಕ್ಕ ಪೆನ್ಸಿಲು ತೆಗೆದುಕೊಂಡಳು. 31,207ರಲ್ಲಿ 25,982 ಕಳೆದಳು. 5,225. ಪುಸ್ತಕ ಹೇಳುವುದು 1,625. ವ್ಯತ್ಯಾಸ 3,600.

ಒಟ್ಟು ಮತ 65,800. ಮೂವರದನ್ನು ಕೂಡಿದರೆ 62,200. ವ್ಯತ್ಯಾಸ ಮತ್ತೆ 3,600.

ಒಂಬತ್ತು ನಾನೂರಲೆ ಮೂರು ಸಾವಿರದ ಆರುನೂರು.

25,982. ಐದು ಮತ್ತು ಒಂಬತ್ತನ್ನು ಅದಲುಬದಲು ಮಾಡಿದರೆ 29,582. ಆಗ ಒಟ್ಟು ಸರಿ. ಅಂತರ ಸರಿ. 65,800ಕ್ಕೆ ಅದು ಶೇಕಡಾ 44.96, ಅದೂ ಸರಿ. ಒಂದೇ ಸಾಲಿನ ಮೂರು ಅಂಕಿಗಳು ನಾಲ್ಕನೆಯದನ್ನು ಬೊಟ್ಟು ಮಾಡಿ ತೋರಿಸುತ್ತಿದ್ದವು, ಐದು ವರ್ಷದಿಂದ.

ಕೊನೆಯ ಪುಟ ತಿರುಗಿಸುವ ಅಗತ್ಯವಿರಲಿಲ್ಲ. ಆದರೂ ತಿರುಗಿಸಿದಳು. 'ತಾಳೆ ನೋಡಿದವರು.' ಅವಳ ಸಹಿ, ಕೊನೆಯ ಅಕ್ಷರದ ಬಾಲ ಎಂದಿನ ಹಾಗೆ ಮೇಲಕ್ಕೆ ಎಳೆದದ್ದು.

ಕೀಲಿಮಣೆ ಅವಳ ಮುಖ ನೋಡಿ, "ಏನಾಯ್ತು ಅಕ್ಕಾ? ನೀರು ಬೇಕಾ?" ಅಂದ.

"ಈ ಸ್ವಿಂಗ್ ಹೊಸದಾಗಿ ಹಾಕು. ಹಿಂದಿನ ಏಣಿ 29,582 ಅಂತ ಇಟ್ಟು."

ಅವನು ಹಾಕಿದ. ಏಣಿ 44.96ರಿಂದ 45.79ಕ್ಕೆ: ಏರಿದ್ದು 0.83. ಬುಟ್ಟಿ 47.43ರಿಂದ 45.18ಕ್ಕೆ: ಇಳಿದದ್ದು 2.25. ಕೂಡಿ ಅರ್ಧ ಮಾಡಿದರೆ 1.54.

ಹದಿನಾರು, ಹದಿನೇಳು, ಹದಿನೆಂಟು ಈಗ ಒಂದೇ ದಾರಿಯಲ್ಲಿ ನಡೆಯುತ್ತಿದ್ದವು. ಎರಡು ಸಾವಿರ ಮತ ಎಲ್ಲಿಂದಲೂ ಬಂದಿರಲಿಲ್ಲ. ಅವು ಒಂದು ಅಚ್ಚಿನ ತಪ್ಪಿನಲ್ಲಿ ಹುಟ್ಟಿ, ಒಂದು ಮನೆಯ ಕಿಟಕಿ ಗಾಜು ಒಡೆದಿದ್ದವು.

ಅವಳು ಎದ್ದು ಪಡಸಾಲೆಯ ಕೊನೆಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು. ಅವನು ಬಸ್ಸು ಓಡಿಸುತ್ತಿದ್ದವ, ನಿವೃತ್ತನಾಗಿ ಎರಡು ವರ್ಷ.

"ಏನ್ರೀ, ಐದು ವರ್ಷದ ಹಿಂದೆ, ಎಣಿಕೆ ಮುಗಿದ ಮೇಲಿನ ವಾರ, ನಮ್ಮ ಮನೇಲಿ ಏನಾದ್ರೂ ಆಗಿತ್ತಾ? ಅತ್ತೆಗೆ ಹುಷಾರಿಲ್ದೆ ಇದ್ದದ್ದು ಆಗಲೇ ತಾನೆ?"

"ಅಮ್ಮನಿಗೆ ಆಗಿದ್ದು ಅದರ ಮುಂದಿನ ವರ್ಷ. ಆ ವಾರ ಏನೂ ಇಲ್ವಲ್ಲ. ಯಾಕೆ?"

"ನೆನಪು ಮಾಡ್ಕೊಳ್ಳಿ. ಮಗಳ ಪರೀಕ್ಷೆ? ನಿಮ್ಮ ಕಾಲು ಉಳುಕಿದ್ದು?"

"ಏನೂ ಇರಲಿಲ್ಲ ಕಣೇ. ಚೆನ್ನಾಗೇ ಇದ್ವಿ. ಯಾಕೆ, ಧ್ವನಿ ಯಾಕೆ ಹೀಗಿದೆ?"

"ಆಮೇಲೆ ಹೇಳ್ತೀನಿ," ಅಂದು ಇಟ್ಟಳು.

ಅವಳಿಗೆ ಒಂದು ನೆಪ ಬೇಕಿತ್ತು. ಯಾರದಾದರೂ ಕಾಯಿಲೆ, ಯಾರದಾದರೂ ಸಾವು, ಕೊನೆಗೆ ತಲೆನೋವಾದರೂ ಸಾಕಿತ್ತು. ಅಂಥದ್ದೇನೂ ಇರಲಿಲ್ಲ. ಚೆನ್ನಾಗಿದ್ದ ಒಂದು ದಿನ, ಚೆನ್ನಾಗಿ ಬೆಳಕಿದ್ದ ಕೋಣೆಯಲ್ಲಿ, ಚೆನ್ನಾಗಿ ನಿದ್ದೆ ಮಾಡಿ ಬಂದ ಕಣ್ಣಿನಿಂದ, ಅವಳು ಹದಿನೇಳನೇ ಸಾಲನ್ನು ನೋಡಿ ಮುಂದೆ ಹೋಗಿದ್ದಳು.

ಒಂದೂ ಕಾಲು. ಪುಸ್ತಕ ಹೇಳಿದ್ದು ಸಾಲದು, ಮೂಲ ಹಾಳೆ ಬೇಕು. ಏನು ಗೊತ್ತು, 25,982 ಅನ್ನುವುದೇ ಮೂಲದಲ್ಲಿದ್ದು, ಉಳಿದ ಮೂರೂ ತಪ್ಪಾಗಿದ್ದರೆ? ಹಾಗಿದ್ದರೆ ಆ ನಾಲ್ಕೂವರೆ ನಿಜ, ತಾನು ಪಾರು. ಆದರೆ ತಾನು ಪಾರಾದರೆ ಹೊರಗಿನ ಬೆಂಚಿನವರು ಮುಳುಗುತ್ತಾರೆ.

ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿಯ ಅಧಿಪತಿ ಮೆಲ್ಲಗೆ ಮಾತಾಡುವ, ಇನ್ನೂ ಮೆಲ್ಲಗೆ ನಡೆಯುವ ಮನುಷ್ಯ. "ಊಟದ ಹೊತ್ತಲ್ಲಿ ಬಂದ್ರಲ್ಲಾ ಅಕ್ಕಾ," ಅಂತ ಗೊಣಗಿಕೊಂಡು ಬೀಗದ ಗೊಂಚಲು ಎತ್ತಿದ. ಮೊದಲ ಕಪಾಟಿನಲ್ಲಿ ಹದಿನೇಳರ ಕಡತ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಅಕ್ಕ ಗಡಿಯಾರ ನೋಡಿದಳು. ಒಂದೂ ಮುಕ್ಕಾಲು. ಅವನು ಏಣಿ ಹತ್ತಿ, ಧೂಳು ಕೊಡವಿ, ಒಂದು ಕಟ್ಟು ಕೆಳಗಿಳಿಸಿದ. ಅದು ಹದಿನಾಲ್ಕರದು.

"ನಾಲ್ಕಕ್ಕೂ ಏಳಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಮಗೆ?" ಅಂತ ರೇಗಿದಳು. ರೇಗಿದ ಮರುಕ್ಷಣವೇ ತಾನು ಯಾವ ಮುಖ ಇಟ್ಟುಕೊಂಡು ಹೇಳುತ್ತಿದ್ದೇನೆ ಅನ್ನಿಸಿತು. "ಬೇಜಾರು ಮಾಡ್ಕೋಬೇಡಿ. ತುಂಬಾ ತುರ್ತು," ಅಂದಳು. ಅವನು ಮತ್ತೆ ಏಣಿ ಹತ್ತಿದ.

ಕಡತ ಸಿಕ್ಕಾಗ ಎರಡು ಗಂಟೆ ಹತ್ತು ನಿಮಿಷ. ಅಂತಿಮ ಫಲಿತಾಂಶದ ಹಾಳೆ ಸ್ವಲ್ಪ ಹಳದಿಗಟ್ಟಿತ್ತು. ಕೈಬರಹ ಅಚ್ಚುಕಟ್ಟು. ಏಣಿ: ಇಪ್ಪತ್ತೊಂಬತ್ತು ಸಾವಿರದ ಐನೂರ ಎಂಬತ್ತೆರಡು. ಅಂಕಿಯಲ್ಲೂ ಅಕ್ಷರದಲ್ಲೂ. ಕೆಳಗೆ ಆಗಿನ ಅಧಿಕಾರಿಯ ಸಹಿ, ಇಬ್ಬರು ಏಜೆಂಟರ ಸಹಿ, ಮೊಹರು. 'ನಕಲು ಪಡೆದಿದ್ದೇವೆ' ಅನ್ನುವ ಒಂದು ಸಾಲು.

ಅವಳು ಆ ಹಾಳೆಯ ನಕಲು ಮಾಡಿಸಿಕೊಂಡು ಮೇಲೆ ಬಂದಳು. ಮಂಡಿ ನೋಯುತ್ತಿತ್ತು. ಬೆಂಚಿನ ಮುಂದೆ ಹಾದುಹೋಗುವಾಗ ಏನಾದರೂ ಹೇಳಬೇಕು ಅನ್ನಿಸಿದರೂ ನೇರ ಮುಖ್ಯಸ್ಥರ ಕೋಣೆಗೆ ಹೋದಳು.

ಮುಖ್ಯಸ್ಥರು ಹಾಳೆ ನೋಡಿದರು, ಪುಸ್ತಕ ನೋಡಿದರು. ಪೆನ್ನಿನ ಮುಚ್ಚಳ ಟಕ್ ಅಂತ ಹಾಕಿದರು. ಅವರ ಮುಖ ಅರಳಿತು.

"ಅಬ್ಬಾ! ಬದುಕಿದ್ವಿ. ಹಾಗಾದ್ರೆ ಹಿಂದಿನ ಅಂಕಿ ತುಂಬುವಾಗ ಆದ ತಪ್ಪು. ಅಷ್ಟೇ ತಾನೆ? ಡೇಟಾ ಎಂಟ್ರಿ ತಪ್ಪು ಅಂತ ಒಂದು ಟಿಪ್ಪಣಿ ಬರೀರಿ, ಈಗಲೇ ಕಳಿಸೋಣ."

"ಅವನು ತಪ್ಪು ತುಂಬಿಲ್ಲ ಸರ್. ಪುಸ್ತಕದಲ್ಲಿ ಇದ್ದದ್ದನ್ನೇ ತುಂಬಿದಾನೆ."

"ಪುಸ್ತಕದ ವಿಷಯ ಯಾರು ಕೇಳ್ತಾರೆ ಅಕ್ಕಾ? ಐದು ವರ್ಷದ ಹಿಂದಿನದು. ಈಗ ಅದನ್ನ ಎತ್ತಿದ್ರೆ ಅಚ್ಚಾದ ಪುಸ್ತಕಕ್ಕೇ ಕಳಂಕ. ನಿಮಗೂ..." ಅವರು ಕೊನೆಯ ಪುಟದ ಮೇಲೆ ಬೆರಳಿಟ್ಟರು. "ನಾಲ್ಕು ತಿಂಗಳಿದೆ ನಿಮಗೆ. ಚೆನ್ನಾಗಿ ಹೋಗಿ ಬನ್ನಿ ಅಂತ ನಾನು ಹೇಳ್ತಿರೋದು. ಅವನಿಗೆ ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ, ಅಷ್ಟೇ."

ಅಷ್ಟೇ ಅಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಗುತ್ತಿಗೆಯವನಿಗೆ ಎಚ್ಚರಿಕೆ ಅಂದರೆ ಮುಂದಿನ ವರ್ಷ ಕುರ್ಚಿ ಇಲ್ಲ. ಗಾಜಿನ ಬಾಗಿಲಿನಾಚೆ ಕೀಲಿಮಣೆ ತಲೆ ಬಗ್ಗಿಸಿಕೊಂಡು ಏನೋ ತುಂಬುತ್ತಿದ್ದ. ಅವನ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ಅಕ್ಕ ಆ ಕ್ಷಣ ಧೀರಳಾಗಿದ್ದಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಪ್ಪಿಕೊಂಡುಬಿಟ್ಟರೆ? ಬೀಳ್ಕೊಡುಗೆಯಲ್ಲಿ ಎಲ್ಲರೂ ಏನು ಹೇಳುತ್ತಾರೆ ಅನ್ನುವುದು ಅವಳಿಗೆ ಕಂಠಪಾಠವಾಗಿತ್ತು: ಇಪ್ಪತ್ಮೂರು ವರ್ಷ, ಒಂದೂ ತಪ್ಪಿಲ್ಲ. ಆ ಮಾತನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಲ ಕೇಳಿಸಿಕೊಂಡಿದ್ದಳು!

"ಸರ್," ಅಂದಳು ಕೊನೆಗೆ, "ಟಿಪ್ಪಣಿಗೆ ಸಹಿ ಹಾಕೋದು ನಾನು. ನನಗೆ ಗೊತ್ತಿರೋ ತಪ್ಪು ಅಂಕಿಗೆ ನಾನು ಸಹಿ ಹಾಕಲ್ಲ. ಇದೂ ಅಂಥದ್ದೇ. ಆಮೇಲೆ ಇನ್ನೊಂದು. ಡೇಟಾ ಎಂಟ್ರಿ ಅಂತ ಬರೆದ್ರೆ ಬುಟ್ಟಿಯವರು ಹಳೇ ಪುಸ್ತಕ ತೆರೆದು ತೋರಿಸ್ತಾರೆ, ಅಲ್ಲೂ 25,982 ಇದೆ ಅಂತ. ಆಗ ನಾವು ಇನ್ನೂ ದೊಡ್ಡ ಕಳ್ಳರಾಗ್ತೀವಿ."

ಮುಖ್ಯಸ್ಥರು ಮುಚ್ಚಳ ತೆಗೆದರು, ಹಾಕಿದರು.

"ಮೂಲ ಹಾಳೆಯನ್ನೇ ಈಗ ತಿದ್ದಿದೀರಿ ಅಂತಾರಲ್ಲ, ಅದಕ್ಕೇನು ಹೇಳ್ತೀರಿ?"

"ಅವರ ಏಜೆಂಟರ ಹತ್ತಿರವೇ ಆಗಿನ ಹಾಳೆಯ ನಕಲು ಇರತ್ತೆ. ಇಲ್ಲಿ ಸಹಿ ಹಾಕಿ ತಗೊಂಡಿದಾರೆ, ನೋಡಿ. ನಮ್ಮದನ್ನ ನಂಬದೇ ಇದ್ರೆ ಅವರದನ್ನೇ ತೆಗೆದು ನೋಡ್ಲಿ."

ಎರಡೂವರೆಗೆ ಅವಳು ಬರೆಯಲು ಕೂತಳು. ಮೊದಲ ಹಾಳೆಯನ್ನು ಅರ್ಧಕ್ಕೇ ಹರಿದು ಹಾಕಿದಳು. ಎರಡನೆಯದರಲ್ಲಿ ನೇರವಾಗಿ ಬರೆದಳು: ಹಿಂದಿನ ಫಲಿತಾಂಶ ಪುಸ್ತಕದ ಹದಿನೇಳನೇ ಸಾಲಿನಲ್ಲಿ ಏಣಿ ಪಕ್ಷದ ಮತ 29,582 ಎಂದಿರಬೇಕಾದಲ್ಲಿ 25,982 ಎಂದು ಅಚ್ಚಾಗಿದೆ, ಅದೇ ಸಾಲಿನ ಒಟ್ಟು ಮತ, ಶೇಕಡಾವಾರು, ಅಂತರ ಮೂರೂ ಮೂಲ ಹಾಳೆಯೊಂದಿಗೆ ಸರಿಹೊಂದುತ್ತವೆ, ಹೊಸ ಕೋಷ್ಟಕವು ಈ ತಪ್ಪು ಅಂಕಿಯಿಂದ ಲೆಕ್ಕ ಹಾಕಿದ್ದರಿಂದ ಸ್ವಿಂಗ್ 1.54ರ ಬದಲು 4.50 ಎಂದು ಬಂದಿದೆ. ಈ ಚುನಾವಣೆಯ ಎಣಿಕೆಯಲ್ಲಿ ಯಾವ ವ್ಯತ್ಯಾಸವೂ ಕಂಡಿಲ್ಲ. ಕೊನೆಯಲ್ಲಿ: ಹಿಂದಿನ ಪುಸ್ತಕವನ್ನು ತಾಳೆ ನೋಡಿ ಸಹಿ ಹಾಕಿದವಳು ನಾನು. ತಪ್ಪು ನನ್ನ ಕಣ್ಣು ತಪ್ಪಿಸಿ ಹೋಗಿದೆ.

ಟಿಪ್ಪಣಿ ಎರಡು ಐವತ್ತಕ್ಕೆ ಮೇಲಿನ ಕಚೇರಿಗೆ ಹೋಯಿತು. ಮೂರಾಯಿತು. ಮೂರು ಇಪ್ಪತ್ತಾಯಿತು. ಫೋನಿಲ್ಲ. ಆದೇಶವೂ ಇಲ್ಲ. ಕೀಲಿಮಣೆ ಯಾವುದೋ ಗುಂಡಿ ಒತ್ತುವುದು, ನಿಲ್ಲಿಸುವುದು. ಮೇಲಿನವರಿಗೆ ಓದಲು ಪುರುಸೊತ್ತಿಲ್ಲದೆ ಮೊದಲೇ ಸಹಿ ಹಾಕಿಬಿಟ್ಟಿದ್ದರೆ? ಅಕ್ಕ ಒಂದು ಖಾಲಿ ಹಾಳೆಯ ಮೇಲೆ ಹದಿನೇಳನೇ ಸಾಲನ್ನು ಮತ್ತೆ ಕೂಡಿದಳು. ಮತ್ತೆ ಕೂಡಿದಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಫೋನು ಬಂತು. ಅಮಾನತಿನ ಆದೇಶ ತಡೆಹಿಡಿದಿದ್ದಾರೆ. ತಿದ್ದಿದ ಕೋಷ್ಟಕ, ಅಕ್ಕನ ಟಿಪ್ಪಣಿ, ಮೂಲ ಹಾಳೆ ಮೂರನ್ನೂ ಐದು ಗಂಟೆಗೆ ಜಾಲತಾಣಕ್ಕೆ ಹಾಕಬೇಕು.

ಬುಟ್ಟಿಯ ವಕ್ತಾರ ಮೊದಲು ಅಬ್ಬರಿಸಿದ. ಆದರೆ ಆ ಪಕ್ಷದ ಹಳೇ ಏಜೆಂಟ್, ನಿವೃತ್ತ ಗಣಿತದ ಮೇಷ್ಟ್ರು, ಮನೆಯ ಪೆಟ್ಟಿಗೆಯಿಂದ ತನ್ನ ನಕಲನ್ನು ತೆಗೆದು ನೋಡಿ, ಮಂಗಳವಾರ ಬೆಳಿಗ್ಗೆ ಪತ್ರಿಕೆಯವರಿಗೆ, "ನಮ್ಮ ಹಾಳೆಯಲ್ಲೂ 29,582 ಇದೆ. ಸ್ವಿಂಗಿನ ಮಾತು ಇಲ್ಲಿಗೆ ಬಿಡೋಣ," ಅಂದರು. ಪಕ್ಷದವರಿಗೆ ಅವರ ಮೇಲೆ ಸಿಟ್ಟು ಬಂತು. ಮರುಎಣಿಕೆ ಬೇಕು ಅಂತ ಕೆಲವರು ಇನ್ನೂ ಹೇಳುತ್ತಲೇ ಇದ್ದರು. ಮನೆ ಮುಂದಿನ ಜನ ಮಾತ್ರ ಕರಗಿದರು.

ಬುಧವಾರ ಅಕ್ಕನಿಗೆ ಮೆಮೊ ಬಂತು: ಏಳು ದಿನದೊಳಗೆ ವಿವರಣೆ ಕೊಡತಕ್ಕದ್ದು. ಅವಳು ಅರ್ಧ ಗಂಟೆಯಲ್ಲಿ ಕೊಟ್ಟಳು, ವಿವರಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ತಾಳೆಯ ಕೆಲಸದಿಂದ ತೆಗೆದು ಟಪಾಲು ವಿಭಾಗಕ್ಕೆ ಹಾಕಿದರು. ಐದನೇ ಪುಸ್ತಕದಲ್ಲಿ ಅವಳ ಸಹಿ ಇರುವುದಿಲ್ಲ. ಕೀಲಿಮಣೆ ಅವಳ ಪೆನ್ಸಿಲು, ಅಳತೆಪಟ್ಟಿಗಳನ್ನು ಒಂದು ರಟ್ಟಿನ ಡಬ್ಬಿಗೆ ತುಂಬಿ ಕೆಳಗಿನ ಮಹಡಿಗೆ ತಂದಿಟ್ಟ. ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿಟ್ಟು ಹೊರಟುಹೋದ.

ವಾರದ ಕೊನೆಗೆ ಹದಿನೇಳರ ಅಧಿಕಾರಿ ಟಪಾಲು ವಿಭಾಗಕ್ಕೆ ಬಂದರು. ಅಕ್ಕ ಲಕೋಟೆಗಳನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು.

"ಕೂತ್ಕೊಳ್ಳಿ," ಅಂದರು ಅವರು. ತಾವು ಕೂರಲಿಲ್ಲ. "ನೀವು ಬರೆದ ಟಿಪ್ಪಣಿ ಓದಿದೆ. ಬರೀದೇ ಇರಬಹುದಾಗಿತ್ತು ಅಂತ ಎಲ್ಲರೂ ಹೇಳ್ತಿದಾರೆ."

ಅಕ್ಕ ಲಕೋಟೆಗಳ ಅಂಚು ಜೋಡಿಸಿದಳು.

"ನನ್ನ ಮಗಳಿಗೆ ಆರು ವರ್ಷ. ಗಾಜು ಒಡೆದಾಗ ಅವಳು ಅದೇ ಕೋಣೇಲಿ ಚಿತ್ರ ಬರೀತಾ ಇದ್ಲು. ಈಗಲೂ ಆ ಕೋಣೆಗೆ ಹೋಗಲ್ಲ. ಥ್ಯಾಂಕ್ಸ್ ಹೇಳೋಣ ಅಂತಲೇ ಬಂದೆ. ಆದ್ರೆ ಬಾಯಿಗೆ ಬರ್ತಾ ಇಲ್ಲ."

"ಬರಬಾರದು ಮೇಡಂ," ಅಂದಳು ಅಕ್ಕ. "ನಾನು ಅವತ್ತು ಒಂದು ಸಾಲು ಕೂಡಿದ್ದಿದ್ರೆ ಇದ್ಯಾವುದೂ ಆಗ್ತಿರಲಿಲ್ಲ. ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ."

ಅಧಿಕಾರಿ ಕುರ್ಚಿ ಎಳೆದು ಕೂತು, ಅವತ್ತು ಬೇಡ ಅಂದಿದ್ದ ಕಾಫಿಯನ್ನು ಇವತ್ತು ತರಿಸಿ ಅಂದರು. ಇಬ್ಬರೂ ಕುಡಿದರು.

ಅವತ್ತು ಮನೆಗೆ ಹೋಗಿ ಅಕ್ಕ ಗಂಡನಿಗೆ ಎಲ್ಲ ಹೇಳಿದಳು. ಅವನು ಕೇಳಿ, "ನಾನು ಮೂವತ್ತು ವರ್ಷ ಬಸ್ಸು ಓಡಿಸಿದೆ. ಎಷ್ಟು ಸಲ ಕಣ್ಣು ತಪ್ಪಿತ್ತೋ, ಎದುರಿಗೆ ಯಾರೂ ಬರಲಿಲ್ಲ ಅಷ್ಟೇ," ಅಂದ. ಅದು ಸಮಾಧಾನದ ಮಾತೇ. ಆದರೆ ಅದರಿಂದ ಅವಳಿಗೆ ಹೊಸ ಚಿಂತೆ ಹತ್ತಿತು. ಎದುರಿಗೆ ಯಾರೂ ಬಾರದೆ ಹೋದ ತಪ್ಪುಗಳು ಇನ್ನೆಷ್ಟಿವೆಯೋ?

ಸೋಮವಾರ ಮುಖ್ಯಸ್ಥರ ಬಳಿ ಹೋಗಿ ಅನುಮತಿ ಕೇಳಿದಳು. ತಾನು ಸಹಿ ಹಾಕಿದ ನಾಲ್ಕು ಪುಸ್ತಕಗಳನ್ನೂ ಮೂಲ ಹಾಳೆಗಳ ಜೊತೆ ಮತ್ತೆ ತಾಳೆ ನೋಡಬೇಕು, ಟಪಾಲಿನ ಕೆಲಸ ಮುಗಿದ ಮೇಲೆ, ದಿನಾ ಒಂದು ಗಂಟೆ. ಅವರು ಅವಳನ್ನು ವಿಚಿತ್ರವಾಗಿ ನೋಡಿ, "ನಿಮ್ಮಿಷ್ಟ. ಯಾರೂ ಕೇಳಿಲ್ಲ," ಅಂದರು.

ದಾಖಲೆ ಕೋಣೆಯವನು ಒಂದು ಮೇಜು, ಒಂದು ದೀಪ ಹಾಕಿಕೊಟ್ಟ. ಹದಿನಾಲ್ಕರ ಕಡತಕ್ಕೆ ಅವಳು ರೇಗಿದ್ದನ್ನು ಅವನು ಮರೆತಿರಲಿಲ್ಲ. ಅಂಕಿ ದೊಡ್ಡದಾಗಿ ಬರೆದ ಚೀಟಿಗಳನ್ನು ಕಟ್ಟುಗಳಿಗೆಲ್ಲ ಅಂಟಿಸಿದ್ದ. ಮೊದಲ ಪುಸ್ತಕ ಮುಗಿಯಲು ಮೂರು ವಾರ ಹಿಡಿಯಿತು. ತಪ್ಪಿಲ್ಲ. ಎರಡನೆಯದರಲ್ಲೂ ಇಲ್ಲ. ಪ್ರತಿ ಸಾಲಿಗೆ ಬರುವಾಗಲೂ ಎದೆ ಡವಗುಟ್ಟುತ್ತಿತ್ತು, ಸರಿ ಬಂದಾಗ ಇಳಿಯುತ್ತಿತ್ತು, ಮುಂದಿನ ಸಾಲಿಗೆ ಮತ್ತೆ ಏರುತ್ತಿತ್ತು. ಮೂರನೆಯ ಪುಸ್ತಕದ ಒಂಬತ್ತನೇ ಕ್ಷೇತ್ರದಲ್ಲಿ ಅಂತರ 2,318 ಇರಬೇಕಾದದ್ದು 2,381 ಅಂತ ಇತ್ತು. ವ್ಯತ್ಯಾಸ 63. ಯಾರಿಗೂ ಗೊತ್ತಾಗಿರಲಿಲ್ಲ, ಯಾರ ಮನೆಯ ಗಾಜೂ ಒಡೆದಿರಲಿಲ್ಲ. ಅವಳು ಕನ್ನಡಕ ಒರೆಸಿಕೊಂಡು, ಇನ್ನೊಂದು ಸಲ ಕಳೆದು ನೋಡಿ, ಒಂದು ಬಿಳಿ ಹಾಳೆ ತೆಗೆದುಕೊಂಡು ಅದರ ಬಗ್ಗೆಯೂ ಟಿಪ್ಪಣಿ ಬರೆದು, ಕೆಳಗೆ ಪೂರ್ತಿ ಹೆಸರಿನಲ್ಲಿ ಸಹಿ ಹಾಕಿದಳು.